ಎರಡು ಬಣ್ಣಗಳ ನಡುವಿನ ಕೊಳೆ

(ವಿಜಯಪುರದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲದಿರುವುದರಿಂದ ಕೆಲವು ಕಡೆ ವಿವರಣೆಯನ್ನು ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ತೈಲಚಿತ್ರವೊಂದರಲ್ಲಿ ಯಾವ ಬಣ್ಣ ಚಿತ್ರಕಾರನದು, ಯಾವುದು ಮುಂದೆ ಯಾರೋ ದುರಸ್ತಿ ಮಾಡಿದಾಗ ಹಚ್ಚಿದ್ದು ಎಂಬ ಪ್ರಶ್ನೆ ಬಂದರೆ ನಾನು ಮೊದಲು ಹುಡುಕುವುದು ಕೊಳೆಯನ್ನು. ದೀಪದ ಹೊಗೆ, ಬೀದಿಯ ದೂಳು, ಅಡುಗೆಮನೆಯ ಜಿಡ್ಡು ಇವೆಲ್ಲ ಚಿತ್ರದ ಮೇಲೆ ಕೂರಲು ವರ್ಷಗಳು ಬೇಕು. ಚಿತ್ರಕಾರ ತನ್ನ ಕೆಲಸದ ನಡುವೆ ಹತ್ತಾರು ವರ್ಷ ಕಾಯುವುದಿಲ್ಲ. ಹಾಗಾಗಿ ಎರಡು ಬಣ್ಣಗಳ ನಡುವೆ ಕೊಳೆಯ ಪದರ ಸಿಕ್ಕಿತೆಂದರೆ, ಅದರ ಕೆಳಗಿನದಕ್ಕೂ ಮೇಲಿನದಕ್ಕೂ ಕೈ ಬೇರೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಈ ಕೊಳೆಯನ್ನು ಕಂಡುಹಿಡಿಯುವ ದಾರಿ ಯಾವುದು, ಆ ದಾರಿಯಲ್ಲಿ ಅತಿನೇರಳೆ ದೀಪ ಎಲ್ಲಿಯವರೆಗೆ ಜೊತೆಗೆ ಬರುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಒಂದೇ ಚಿತ್ರವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ.

ಚಿತ್ರ ಬಂದದ್ದು ಬೆಳಗಾವಿ ಭಾಗದ ಒಂದು ಹಳೆಯ ವಾಡೆಯಿಂದ. ಮನೆತನದ ಹೆಸರು ಬೇಡ. ಕ್ಯಾನ್ವಾಸಿನ ಮೇಲಿನ ತೈಲವರ್ಣದ ಭಾವಚಿತ್ರ, ಶೈಲಿಯಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ್ದು ಎನ್ನಬಹುದು. ಪಗಡಿ ತೊಟ್ಟ, ಹೆಗಲ ಮೇಲೆ ಜರಿಯಂಚಿನ ಶಾಲು ಹೊದ್ದ ಹಿರಿಯರು ಕುರ್ಚಿಯಲ್ಲಿ ಕುಳಿತಿದ್ದಾರೆ. ಅವರ ಹಿಂದೆ ಇಡೀ ಬಲಭಾಗವನ್ನು ತುಂಬಿಕೊಂಡು ಕೆಂಗಂದು ಬಣ್ಣದ ಪರದೆ ಇಳಿಬಿದ್ದಿದೆ. ಮುಖ ಅಷ್ಟು ನಯವಾಗಿ ಮೂಡಿರುವಾಗ ಪರದೆಯ ಮಡಿಕೆಗಳು ಯಾಕೋ ಜಡವಾಗಿದ್ದವು. ಮನೆಯ ಹಿರಿಯರು ಮಾತ್ರ, 'ನಮ್ಮ ಅಜ್ಜನ ಕಾಲದಿಂದಲೂ ಆ ಪರದೆ ಅಲ್ಲೇ ಇದೆ, ಅದು ಮೂಲದ್ದೇ' ಎಂದು ಖಚಿತವಾಗಿ ಹೇಳಿದರು. ಅವರ ನೆನಪನ್ನು ನಾನು ಅಲ್ಲಗಳೆಯಲಿಲ್ಲ. ಅಜ್ಜನ ಕಾಲದಿಂದ ಇರುವುದಕ್ಕೂ ಮೂಲದ್ದಾಗಿರುವುದಕ್ಕೂ ನಡುವೆ ಒಂದು ತಲೆಮಾರಿನ ಜಾಗ ಇರಬಹುದು, ಅಷ್ಟೇ.

ಮೊದಲ ಪರೀಕ್ಷೆ ಅತಿನೇರಳೆ ದೀಪದ್ದು. ಕೋಣೆಯನ್ನು ಪೂರ್ತಿ ಕತ್ತಲು ಮಾಡಬೇಕು. ಕಿಟಕಿಯ ಸಂದಿಯಿಂದ ಬರುವ ಒಂದು ಗೆರೆ ಬೆಳಕೂ ಕೆಲಸ ಕೆಡಿಸುತ್ತದೆ. ದೀಪದ ತರಂಗಾಂತರ ಸಾಮಾನ್ಯವಾಗಿ 365 ನ್ಯಾನೋಮೀಟರ್. ಇದು ಕಣ್ಣಿಗೆ ಕಾಣದು. ಚಿತ್ರದ ಮೇಲಿನ ಕೆಲವು ವಸ್ತುಗಳು ಅದನ್ನು ಹೀರಿಕೊಂಡು, ಪ್ರತಿಯಾಗಿ ಕಣ್ಣಿಗೆ ಕಾಣುವ ಬೆಳಕನ್ನು ಸೂಸುತ್ತವೆ. ಇದಕ್ಕೆ ಪ್ರತಿದೀಪ್ತಿ ಎನ್ನುತ್ತಾರೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕೆಲವು ನಿಮಿಷ ಕಾದು, ಆಮೇಲೆ ನೋಡುತ್ತೇವೆ. ದೀಪವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಉರಿಸುವುದಿಲ್ಲ, ಏಕೆಂದರೆ ಈ ಕಿರಣ ಬಣ್ಣಕ್ಕೂ ವಾರ್ನಿಷ್‌ಗೂ ಒಳ್ಳೆಯದಲ್ಲ.

ಡಮ್ಮರ್, ಮ್ಯಾಸ್ಟಿಕ್‌ನಂಥ ಮರದ ರಾಳದಿಂದ ಮಾಡಿದ ವಾರ್ನಿಷ್ ಹಳೆಯದಾದಂತೆ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ಹಳತಾದಷ್ಟೂ ಹೊಳಪು ಹೆಚ್ಚು. ಆ ವಾರ್ನಿಷ್‌ನ ಮೇಲೆ ಇತ್ತೀಚೆಗೆ ಯಾರಾದರೂ ಬಣ್ಣ ಹಚ್ಚಿದ್ದರೆ, ಆ ಬಣ್ಣ ಕೆಳಗಿನ ಹೊಳಪನ್ನು ಮುಚ್ಚಿಬಿಡುತ್ತದೆ. ತಾನೂ ಅಷ್ಟಾಗಿ ಹೊಳೆಯುವುದಿಲ್ಲ. ಆದ್ದರಿಂದ ಹಸಿರು ಮಂಜಿನಂಥ ಹೊಳಪಿನ ನಡುವೆ ಕಡುನೇರಳೆ ಅಥವಾ ಕಪ್ಪು ತೇಪೆಗಳು ಎದ್ದು ಕಾಣುತ್ತವೆ. ಹಗಲು ಬೆಳಕಿನಲ್ಲಿ ಎಷ್ಟೇ ಚೆನ್ನಾಗಿ ಬಣ್ಣ ಹೊಂದಿಸಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ.

ನಮ್ಮ ಭಾವಚಿತ್ರದಲ್ಲೂ ಅಂಥ ತೇಪೆಗಳು ಕಂಡವು. ಎಡ ಹೆಗಲಿನ ಕೆಳಗೆ ಕ್ಯಾನ್ವಾಸ್ ಹರಿದಿದ್ದ ಜಾಗದಲ್ಲಿ ಅಂಗೈಯಷ್ಟು ಕಪ್ಪು, ಹಣೆಯ ಮೇಲೆ ಎರಡು ಚುಕ್ಕೆ, ಕೆಳಗಿನ ಅಂಚಿನಲ್ಲಿ ಒಂದು ಉದ್ದ ಪಟ್ಟಿ. ಇವು ಇತ್ತೀಚಿನ ರಿಟಚ್ ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಪ್ರಶ್ನೆ ಇದ್ದದ್ದು ಪರದೆಯ ಬಗ್ಗೆ. ಪರದೆ ಮಾತ್ರ ಮುಖದ ಹಾಗೆ, ಶಾಲಿನ ಹಾಗೆ ಅದೇ ಹಸಿರು ಹಳದಿಯಲ್ಲಿ ಒಂದೇ ಸಮನೆ ಹೊಳೆಯುತ್ತಿತ್ತು. ದೀಪವನ್ನಷ್ಟೇ ನಂಬುವವರು ಅಲ್ಲಿಗೇ 'ಪರದೆ ಮೂಲದ್ದು' ಎಂದು ಬರೆದುಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅಂಥ ವರದಿಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಏಕೆಂದರೆ ದೀಪ ಹೇಳಿದ್ದು ಅದಲ್ಲವೇ ಅಲ್ಲ. ದೀಪ ಹೇಳಿದ್ದು ಇಷ್ಟು: ಚಿತ್ರದ ಎಲ್ಲಕ್ಕಿಂತ ಮೇಲೆ ಒಂದು ಹಳೆಯ ವಾರ್ನಿಷ್ ಇದೆ, ಪರದೆ ಅದರ ಕೆಳಗಿದೆ. ಪರದೆ ಬರೆದ ಮೇಲೆ ಇಡೀ ಚಿತ್ರಕ್ಕೆ ಹೊಸದಾಗಿ ವಾರ್ನಿಷ್ ಹಚ್ಚಿ, ಅದೂ ಹಳತಾಗಿದ್ದರೆ? ಆಗಲೂ ಹೀಗೆಯೇ ಕಾಣುತ್ತದೆ. ದಪ್ಪ ವಾರ್ನಿಷ್‌ನ ಹೊಳಪಿನ ಹಿಂದೆ ಏನಿದೆ ಎಂಬುದು ಈ ದೀಪಕ್ಕೆ ಕಾಣುವುದಿಲ್ಲ.

ದೀಪ ದಾರಿ ತಪ್ಪಿಸುವ ಇನ್ನೆರಡು ಸಂದರ್ಭಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಎಣ್ಣೆಬಣ್ಣದ ರಿಟಚ್ ಹಲವು ದಶಕ ಹಳೆಯದಾದರೆ ತಾನೂ ಹೊಳೆಯಲು ಶುರುಮಾಡುತ್ತದೆ, ಸುತ್ತಲಿನ ಜಾಗದೊಂದಿಗೆ ಬೆರೆತುಹೋಗುತ್ತದೆ. ಇದಕ್ಕೆ ತಿರುಗಿದ ಸಂದರ್ಭವೂ ಉಂಟು. ಕಪ್ಪಾಗಿ ಕಂಡದ್ದೆಲ್ಲ ರಿಟಚ್ ಅಲ್ಲ. ಹಿಂದೆ ಯಾರೋ ಹತ್ತಿಯಿಂದ ಜೋರಾಗಿ ಉಜ್ಜಿ ವಾರ್ನಿಷ್ ತೆಗೆದ ಜಾಗವೂ ಹೊಳಪಿಲ್ಲದೆ ಕಪ್ಪಾಗಿಯೇ ಕಾಣುತ್ತದೆ. ಎರಡನ್ನೂ ಬೇರ್ಪಡಿಸಲು ಅದೇ ಜಾಗವನ್ನು ಮಾಮೂಲಿ ಬೆಳಕಿನಲ್ಲಿ ಸೂಕ್ಷ್ಮದರ್ಶಕದಡಿ ನೋಡಬೇಕು. ರಿಟಚ್ ಆಗಿದ್ದರೆ ಬಣ್ಣ ಹಳೆಯ ಬಿರುಕುಗಳ ಒಳಗೆ ಇಳಿದಿರುತ್ತದೆ, ಬಿರುಕಿನ ಗೆರೆ ಅಲ್ಲಿ ತುಂಬಿ ಮುಚ್ಚಿರುತ್ತದೆ. ಉಜ್ಜಿದ ಜಾಗವಾಗಿದ್ದರೆ ಬಿರುಕು ತೆರೆದೇ ಇರುತ್ತದೆ, ಅದರ ಆಳದಲ್ಲಿ ಹಳೆಯ ವಾರ್ನಿಷ್‌ನ ಎಳೆ ಉಳಿದಿರುತ್ತದೆ.

ನಮ್ಮ ಪರದೆಯ ಬಗ್ಗೆ ಮೊದಲ ಸುಳಿವು ಸಿಕ್ಕಿದ್ದೂ ಬಿರುಕಿನಿಂದಲೇ. ಪರದೆಯ ಅಂಚು ಶಾಲಿಗೆ ತಾಗುವಲ್ಲಿ ಸೂಕ್ಷ್ಮದರ್ಶಕ ಇಟ್ಟಾಗ, ಶಾಲಿನ ಮೇಲಿನ ಒಂದು ಬಿರುಕು ಪರದೆಯ ಕಡೆಗೆ ಹೋಗುತ್ತಾ ಹೋಗುತ್ತಾ ಕೆಂಗಂದು ಬಣ್ಣದಿಂದ ತುಂಬಿಕೊಂಡಿತ್ತು. ಬಣ್ಣ ಒಣಗಿ, ಮುದಿಯಾಗಿ, ಬಿರಿದ ಮೇಲೆ ಪರದೆಯ ಕುಂಚ ಅಲ್ಲಿ ಓಡಾಡಿದೆ ಎಂದಾಯಿತು. ಆದರೆ ತೈಲಚಿತ್ರಗಳಲ್ಲಿ ಕೆಲವು ಬಿರುಕುಗಳು ಒಣಗುವ ಹಂತದಲ್ಲೇ, ಕೆಲವೇ ತಿಂಗಳಲ್ಲಿ ಬರುತ್ತವೆ. ಚಿತ್ರಕಾರನೇ ಮರುವರ್ಷ ಬಂದು ಪರದೆ ಬರೆದಿದ್ದರೆ? ಇದಕ್ಕೆ ಉತ್ತರ ಮೇಲ್ಮೈಯಲ್ಲಿ ಇರಲಿಲ್ಲ.

ಹಾಗಾಗಿ ಅಡ್ಡಕೊಯ್ತ, ಅಂದರೆ ಬಣ್ಣದ ಒಂದು ಚೂರು ತೆಗೆದು ಅದರ ಪದರಗಳನ್ನು ಬದಿಯಿಂದ ನೋಡುವುದು. ಈ ಮಾತು ಕೇಳಿದೊಡನೆ ಚಿತ್ರದ ಒಡೆಯರು ಗಾಬರಿಯಾಗುವುದು ಸಹಜ. ನಾವು ತೆಗೆಯುವ ಚೂರು ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು. ಚೆನ್ನಾಗಿರುವ ಜಾಗದಿಂದ ಎಂದೂ ತೆಗೆಯುವುದಿಲ್ಲ. ಈಗಾಗಲೇ ಬಣ್ಣ ಕಿತ್ತುಹೋದ ಜಾಗದ ಅಂಚಿನಿಂದ, ಇಲ್ಲವೇ ಚೌಕಟ್ಟಿನಡಿ ಮುಚ್ಚಿಹೋಗುವ ಅಂಚಿನಿಂದ, ಸೂಕ್ಷ್ಮದರ್ಶಕದಡಿ ಸ್ಕಾಲ್ಪೆಲ್ ತುದಿಯಿಂದ ಎತ್ತುತ್ತೇವೆ. ಮುಖ್ಯವಾದದ್ದು ಚೂರಿನಲ್ಲಿ ತಳದಿಂದ ತುದಿಯವರೆಗೆ ಎಲ್ಲ ಪದರಗಳೂ ಇರಬೇಕು. ಮೇಲಿನ ಪದರ ಮಾತ್ರ ಸಿಕ್ಕಿದರೆ ಅದು ವ್ಯರ್ಥ ಗಾಯ.

ಆ ಚೂರನ್ನು ಪಾರದರ್ಶಕ ರೆಸಿನ್‌ನಲ್ಲಿ ನಿಲ್ಲಿಸಿ ಗಟ್ಟಿಯಾಗಲು ಬಿಡುತ್ತೇವೆ. ಗಟ್ಟಿಯಾದ ಆ ಸಣ್ಣ ಗಟ್ಟಿಯನ್ನು ಒರಟು ಕಾಗದದಿಂದ ಶುರುಮಾಡಿ ಹಂತಹಂತವಾಗಿ ನುಣುಪು ಕಾಗದದ ಮೇಲೆ ಉಜ್ಜುತ್ತಾ, ಪದರಗಳ ಅಡ್ಡಮುಖ ಕನ್ನಡಿಯಂತೆ ಬರುವವರೆಗೆ ತರುತ್ತೇವೆ. ನಮ್ಮ ಕಡೆ ಬಾವಿ ತೋಡಿದಾಗ ಗೋಡೆಯಲ್ಲಿ ಮೇಲೆ ಎರೆಮಣ್ಣು, ಅದರಡಿ ಗರಸು, ಅದರಡಿ ಕಲ್ಲು ಕಾಣುತ್ತದಲ್ಲ, ಅದೇ ರೀತಿ ಇಲ್ಲಿ ಚಿತ್ರದ ಕಾಲಾನುಕ್ರಮ ಕೆಳಗಿನಿಂದ ಮೇಲಕ್ಕೆ ಕಾಣುತ್ತದೆ. ಇದನ್ನು ನೂರರಿಂದ ಐನೂರು ಪಟ್ಟು ದೊಡ್ಡದು ಮಾಡಿ, ಮೊದಲು ಮಾಮೂಲಿ ಬೆಳಕಿನಲ್ಲಿ, ಆಮೇಲೆ ಅದೇ ಜಾಗವನ್ನು ಅತಿನೇರಳೆ ಬೆಳಕಿನಲ್ಲಿ ನೋಡುತ್ತೇವೆ. ಇಲ್ಲಿ ಅತಿನೇರಳೆ ಮತ್ತೆ ಬಂತು, ಗಮನಿಸಿ. ಚಿತ್ರದ ಮುಂದೆ ಹಿಡಿದಾಗ ಅದಕ್ಕೆ ಮೇಲಿನ ಚರ್ಮವಷ್ಟೇ ಕಾಣುತ್ತಿತ್ತು. ಈಗ ಪ್ರತಿಯೊಂದು ಪದರವೂ ಅದರ ಎದುರಿಗೆ ಬಿಚ್ಚಿಕೊಂಡಿದೆ. ಮಾಮೂಲಿ ಬೆಳಕಿನಲ್ಲಿ ವಾರ್ನಿಷ್ ಪದರ ರೆಸಿನ್‌ನಷ್ಟೇ ಪಾರದರ್ಶಕ, ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅತಿನೇರಳೆಯಲ್ಲಿ ಅದು ಹೊಳೆಯುವ ಪಟ್ಟಿಯಾಗಿ ಎದ್ದು ಬರುತ್ತದೆ.

ನಮ್ಮ ಚಿತ್ರದಿಂದ ಎರಡು ಚೂರು ತೆಗೆದೆವು. ಒಂದು, ಪರದೆಯಲ್ಲಿ ಬಣ್ಣ ಕಿತ್ತುಹೋಗಿದ್ದ ಕಡೆಯಿಂದ. ಇನ್ನೊಂದು, ಯಾರಿಗೂ ತಕರಾರಿಲ್ಲದ ಶಾಲಿನ ಅಂಚಿನಿಂದ. ಈ ಎರಡನೆಯದು ಹೋಲಿಕೆಗಾಗಿ, ಅದಿಲ್ಲದೆ ಮೊದಲನೆಯದನ್ನು ಓದಲಾಗದು.

ಪರದೆಯ ಚೂರು ಹೀಗಿತ್ತು. ಕೆಳಗೆ ಸೀಸದ ಬಿಳಿ ಮತ್ತು ಸೀಮೆಸುಣ್ಣದ ತಳಲೇಪ. ಅದರ ಮೇಲೆ ಸುಮಾರು ಮೂವತ್ತು ಮೈಕ್ರಾನ್ ದಪ್ಪದ ಬೂದುನೀಲಿ ಬಣ್ಣ, ಅಂದರೆ ಆಕಾಶ. ಅಲ್ಲಿ ಮೊದಲು ಪರದೆಯೇ ಇರಲಿಲ್ಲ, ತೆರೆದ ಕಿಟಕಿಯೋ ಅಂಗಳವೋ ಇತ್ತು. ಆಕಾಶದ ಮೇಲೆ ಅತಿನೇರಳೆಯಲ್ಲಿ ಹೊಳೆಯುವ ತೆಳು ವಾರ್ನಿಷ್. ವಾರ್ನಿಷ್‌ನ ನೆತ್ತಿಯ ಮೇಲೆ ಕೆಲವೇ ಮೈಕ್ರಾನ್‌ಗಳ ಒಂದು ಕಪ್ಪು ಗೆರೆ. ಅದರ ಮೇಲೆ ಪರದೆಯ ಕೆಂಗಂದು, ಕೊನೆಗೆ ಮತ್ತೊಂದು ವಾರ್ನಿಷ್.

ಆ ಕಪ್ಪು ಗೆರೆಯೇ ನನ್ನ ಕೊಳೆ. ಹಾಗೆಂದು ಒಮ್ಮೆಲೇ ಹೇಳಬಾರದು. ಪದರಗಳು ಒಂದನ್ನೊಂದು ಬಿಟ್ಟು ನಡುವೆ ಸಂದಿಯಾಗಿದ್ದರೂ ಉಜ್ಜುವಾಗ ಅದರಲ್ಲಿ ಪುಡಿ ಸೇರಿಕೊಂಡು ಕಪ್ಪು ಗೆರೆಯಾಗಿ ಕಾಣುತ್ತದೆ. ಸಂದಿಯಾಗಿದ್ದರೆ ಅದರ ಎರಡು ದಡ ಚೂಪಾಗಿರುತ್ತವೆ, ಮತ್ತೆ ಸ್ವಲ್ಪ ಉಜ್ಜಿದರೆ ಆಕಾರ ಬದಲಾಗುತ್ತದೆ ಇಲ್ಲವೇ ಪುಡಿ ಹೊರಬರುತ್ತದೆ. ಇಲ್ಲಿ ಗೆರೆ ಉಜ್ಜಿದರೂ ಕದಲಲಿಲ್ಲ. ಹೆಚ್ಚು ದೊಡ್ಡದು ಮಾಡಿದಾಗ ಅದು ಬಿಡಿಬಿಡಿ ಕಣಗಳಾಗಿ ಒಡೆಯಿತು: ಮಸಿಯಂಥ ಕಪ್ಪು ಚುಕ್ಕೆಗಳು, ನಡುವೆ ಒಂದೆರಡು ಕಂದು ಮತ್ತು ಪಾರದರ್ಶಕ ಹರಳುಗಳು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೂಲವಸ್ತುಗಳನ್ನು ಗುರುತಿಸಿದಾಗ ಆ ಗೆರೆಯಲ್ಲಿ ಸಿಲಿಕಾನ್, ಅಲ್ಯೂಮಿನಿಯಂ ಸಿಕ್ಕವು. ಅವು ಮಣ್ಣಿನ ದೂಳಿನ ಗುರುತು. ಚಿತ್ರಕಾರನ ತಟ್ಟೆಯಿಂದ ಬಂದ ಯಾವ ಬಣ್ಣವೂ ಹೀಗೆ ಒಂದು ಕಣದಷ್ಟು ದಪ್ಪದಲ್ಲಿ ವಾರ್ನಿಷ್‌ನ ಮೇಲೆ ಹರಡಿ ಕೂರುವುದಿಲ್ಲ.

ಈಗ ಶಾಲಿನ ಚೂರನ್ನು ಪಕ್ಕಕ್ಕಿಟ್ಟು ನೋಡೋಣ. ಅಲ್ಲಿ ತಳಲೇಪ, ಶಾಲಿನ ಬಣ್ಣ, ವಾರ್ನಿಷ್, ಅದೇ ಕೊಳೆಯ ಗೆರೆ, ಮತ್ತೆ ವಾರ್ನಿಷ್. ಅಂದರೆ ಶಾಲಿನ ಮೇಲೂ ಎರಡು ವಾರ್ನಿಷ್‌ಗಳಿವೆ, ನಡುವೆ ಕೊಳೆ ಇದೆ. ಪರದೆಯ ಚೂರಿನಲ್ಲಿ ಕೊಳೆಗೂ ಮೇಲಿನ ವಾರ್ನಿಷ್‌ಗೂ ನಡುವೆ ಕೆಂಗಂದು ಬಣ್ಣ ಬಂದು ಕೂತಿದೆ. ಎರಡನ್ನೂ ಸಾಲಾಗಿ ಹೊಂದಿಸಿದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಚಿತ್ರಕಾರ ಆಕಾಶ ಬರೆದ, ಚಿತ್ರಕ್ಕೆ ವಾರ್ನಿಷ್ ಆಯಿತು, ಅದು ಗೋಡೆಯ ಮೇಲೆ ವರ್ಷಗಟ್ಟಲೆ ಕೊಳೆ ಹಿಡಿಯಿತು. ಆಮೇಲೆ ಯಾರೋ ಅದನ್ನು ಒರೆಸುವ ಗೋಜಿಗೂ ಹೋಗದೆ ಪರದೆ ಬರೆದು, ಇಡೀ ಚಿತ್ರಕ್ಕೆ ಮತ್ತೊಮ್ಮೆ ವಾರ್ನಿಷ್ ಬಳಿದರು. ಆ ಎರಡನೆಯ ವಾರ್ನಿಷ್ ಕೂಡ ಹಳತಾಗಿ ಹಸಿರು ಹಳದಿಯಾಯಿತು. ದೀಪ ಹಿಡಿದಾಗ ಪರದೆ ಏಕೆ ಮುಖದಂತೆಯೇ ಹೊಳೆಯಿತು ಎಂಬುದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಕಪ್ಪಾಗಿ ಕಂಡ ತೇಪೆಗಳು ಅದರ ಮೇಲೆ, ಅಂದರೆ ಮೂರನೆಯ ಕೈ.

ಇದರ ಜೊತೆ ಒಂದು ತಾರೀಖೂ ಸಿಕ್ಕಿತು. ಪರದೆಯ ಮಡಿಕೆಗಳಲ್ಲಿ ಬೆಳಕು ಬಿದ್ದಂತೆ ತೋರಿಸಲು ಬೆರೆಸಿದ್ದ ಬಿಳಿಯಲ್ಲಿ ಟೈಟಾನಿಯಂ ಇತ್ತು. ಟೈಟಾನಿಯಂ ಬಿಳಿ ಕಲಾವಿದರ ಬಣ್ಣವಾಗಿ ಮಾರುಕಟ್ಟೆಗೆ ಬಂದದ್ದು 1920ರ ಆಸುಪಾಸಿನಲ್ಲಿ. ಹಾಗಾದರೆ ಪರದೆ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಕೊಳೆಯ ಗೆರೆ 'ನಡುವೆ ಬಹಳ ಕಾಲ ಕಳೆದಿದೆ' ಎಂದಷ್ಟೇ ಹೇಳುತ್ತದೆ, ಎಷ್ಟು ವರ್ಷ ಎಂದು ಹೇಳುವುದಿಲ್ಲ. ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ ಹತ್ತು ವರ್ಷದಲ್ಲಿ ಕೂರುವ ಕೊಳೆ, ಮುಚ್ಚಿದ ಕೋಣೆಯಲ್ಲಿ ಐವತ್ತು ವರ್ಷವಾದರೂ ಕೂರದಿರಬಹುದು. ಬಣ್ಣದ ರಸಾಯನ ಆ ಅನಿಶ್ಚಿತತೆಗೆ ಒಂದು ಬೇಲಿ ಹಾಕಿಕೊಟ್ಟಿತು.

ವಾರ್ನಿಷ್ ಒಂದೇ ಸಿಕ್ಕಿ, ಕೊಳೆ ಸಿಗದಿದ್ದರೆ ನಾನು ಇಷ್ಟು ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ. ಚಿತ್ರಕಾರರು ಕೆಲಸದ ನಡುವೆಯೂ ತೆಳುವಾಗಿ ವಾರ್ನಿಷ್ ಹಚ್ಚಿ ಅದರ ಮೇಲೆ ಮುಂದುವರಿಸುವುದುಂಟು. ಕೊಳೆಯ ಈ ತೂಕವನ್ನು ಜಗತ್ತಿಗೆ ತೋರಿಸಿದ ದೊಡ್ಡ ಉದಾಹರಣೆ ಜರ್ಮನಿಯ ಡ್ರೆಸ್ಡೆನ್‌ನದು. ಅಲ್ಲಿನ ಗ್ಯಾಲರಿಯಲ್ಲಿ ಡಚ್ ಚಿತ್ರಕಾರ ವರ್ಮೀರ್ 1657ರಿಂದ 1659ರ ಸುಮಾರಿಗೆ ಬರೆದ ಚಿತ್ರವೊಂದಿದೆ: ತೆರೆದ ಕಿಟಕಿಯ ಬಳಿ ಪತ್ರ ಓದುತ್ತಿರುವ ಯುವತಿ. ಅವಳ ಹಿಂದಿನ ಗೋಡೆ ಬರಿದಾಗಿತ್ತು. 1979ರಲ್ಲಿ ಎಕ್ಸ್‌ರೇ ತೆಗೆದಾಗ ಆ ಗೋಡೆಯ ಬಣ್ಣದಡಿ ಪ್ರೇಮದೇವತೆ ಕ್ಯುಪಿಡ್‌ನ ದೊಡ್ಡ ಚಿತ್ರ ಕಂಡಿತು. ವರ್ಮೀರ್ ತಾನೇ ಮನಸ್ಸು ಬದಲಿಸಿ ಮುಚ್ಚಿದ್ದಾನೆ ಎಂದು ಎಲ್ಲರೂ ನಂಬಿದರು. ಸುಮಾರು ನಾಲ್ಕು ದಶಕ ಆ ನಂಬಿಕೆ ಹಾಗೆಯೇ ನಿಂತಿತ್ತು. 2017ರಲ್ಲಿ ಸಂರಕ್ಷಣೆ ಶುರುವಾದ ಮೇಲೆ ಚೂರುಗಳ ಅಡ್ಡಕೊಯ್ತ ನೋಡಿದಾಗ, ಕ್ಯುಪಿಡ್‌ಗೂ ಮುಚ್ಚಿದ ಬಣ್ಣಕ್ಕೂ ನಡುವೆ ಕೊಳೆಯ ಪದರ ಸಿಕ್ಕಿತು. ಎರಡರ ನಡುವೆ ದಶಕಗಳು ಕಳೆದಿವೆ, ಮುಚ್ಚಿದ ಕೈ ವರ್ಮೀರ್‌ನದಲ್ಲ ಎಂದು ತೀರ್ಮಾನವಾಯಿತು. ಗಮನಿಸಬೇಕಾದದ್ದು, ಎಕ್ಸ್‌ರೇ ಕೆಳಗೆ ಏನಿದೆ ಎಂದು ತೋರಿಸಿತು, ಯಾರು ಯಾವಾಗ ಮುಚ್ಚಿದರು ಎಂದು ಹೇಳಲು ಅದಕ್ಕೆ ಆಗಲಿಲ್ಲ. ಸೂಕ್ಷ್ಮದರ್ಶಕದಡಿ ಸ್ಕಾಲ್ಪೆಲ್ ಹಿಡಿದು ಮೇಲ್ಬಣ್ಣವನ್ನು ಕೆರೆದು ತೆಗೆದ ಮೇಲೆ, 2021ರ ಸೆಪ್ಟೆಂಬರ್‌ನಲ್ಲಿ ಕ್ಯುಪಿಡ್ ಸಮೇತ ಚಿತ್ರವನ್ನು ಪ್ರದರ್ಶಿಸಿದರು.

ಇನ್ನು ಸಭೆಯಲ್ಲಿ ಬಂದ ಪ್ರಶ್ನೆಗಳು.

ನಿವೃತ್ತ ಶಿಕ್ಷಕರೊಬ್ಬರು, 'ಸರ್, ನೋಟು ಪರೀಕ್ಷಿಸುವ ಟಾರ್ಚ್ ಸಾಲದೇ?' ಎಂದು ಕೇಳಿದರು. ಅಗ್ಗದ ಟಾರ್ಚ್‌ಗಳಲ್ಲಿ ಬಹಳಷ್ಟು 395 ನ್ಯಾನೋಮೀಟರ್ ಆಸುಪಾಸಿನವು, ಜೊತೆಗೆ ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೂ ಚೆಲ್ಲುತ್ತವೆ. ಆ ನೇರಳೆ ಚಿತ್ರದಿಂದ ಪ್ರತಿಫಲಿಸಿ, ವಾರ್ನಿಷ್‌ನ ಮಂದ ಹೊಳಪನ್ನು ನುಂಗಿಬಿಡುತ್ತದೆ. ಹೊಸ ತೇಪೆಯೊಂದು ಕಂಡರೂ ಕಾಣಬಹುದು, ಆದರೆ 'ಏನೂ ಕಾಣಲಿಲ್ಲ, ಆದ್ದರಿಂದ ಎಲ್ಲ ಮೂಲ' ಎನ್ನಲು ಬರುವುದಿಲ್ಲ. ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಕ್ಯಾಮೆರಾ ತಾನೇ ಬಣ್ಣ ಸರಿಪಡಿಸಿಕೊಂಡು ಹಸಿರು, ನೀಲಿಗಳ ವ್ಯತ್ಯಾಸವನ್ನೇ ಅಳಿಸಿಬಿಡುತ್ತದೆ. ನಾವು ದೀಪದ ಮುಂದೆ ಒಂದು, ಲೆನ್ಸ್ ಮುಂದೆ ಇನ್ನೊಂದು ಫಿಲ್ಟರ್ ಹಾಕಿ, ಕ್ಯಾಮೆರಾದ ಬಣ್ಣದ ಲೆಕ್ಕವನ್ನು ಒಂದೇ ಕಡೆ ಕಟ್ಟಿಹಾಕಿ ತೆಗೆಯುತ್ತೇವೆ.

ಬಾದಾಮಿಯಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬರ ಪ್ರಶ್ನೆ ನನಗೆ ಬಹಳ ಹಿಡಿಸಿತು. 578ರ ಶಾಸನವಿರುವ ಮೂರನೇ ಗುಹೆಯ ಚಿತ್ರಗಳ ಮೇಲೆ, ಇಲ್ಲೇ ಇರುವ ಆಸಾರ್ ಮಹಲ್ ಅಥವಾ ಕುಮಟಗಿಯ ಗೋಡೆಚಿತ್ರಗಳ ಮೇಲೆ ಇದೇ ಪರೀಕ್ಷೆ ನಡೆಯುತ್ತದೆಯೇ ಎಂದು ಅವರು ಕೇಳಿದರು. ನಡೆಯುತ್ತದೆ, ಆದರೆ ಓದುವ ಕ್ರಮ ಬೇರೆ. ಗೋಡೆಚಿತ್ರಕ್ಕೆ ಚಿತ್ರಕಾರ ಸಾಮಾನ್ಯವಾಗಿ ವಾರ್ನಿಷ್ ಹಚ್ಚುವುದಿಲ್ಲ. ಹಾಗಾಗಿ ಹೊಳಪಿನ ನಡುವೆ ಕಪ್ಪು ಹುಡುಕುವ ಸೂತ್ರ ಅಲ್ಲಿ ಸಲ್ಲದು. ಅಲ್ಲಿ ಹೊಳೆಯುವುದನ್ನೇ ಮೊದಲು ಅನುಮಾನಿಸಬೇಕು, ಏಕೆಂದರೆ ಅದು ನಂತರದವರು ಹಚ್ಚಿದ ಲೇಪವಾಗಿರಬಹುದು. ಅಜಂತಾದಲ್ಲಿ 1920ರ ದಶಕದ ಆರಂಭದಲ್ಲಿ, ನಿಜಾಮ್ ಸರ್ಕಾರ ಕರೆಸಿದ್ದ ಇಟಲಿಯ ಲೊರೆಂಜೊ ಚೆಕ್ಕೋನಿ ಮತ್ತು ಅವರ ಸಹಾಯಕರು ಚಿತ್ರಗಳನ್ನು ಹಿಡಿದಿಡಲು ಅರಗು ಬಳಸಿದರು. ಅದು ಮುಂದೆ ಕಂದುಗಟ್ಟಿತು. ಅರಗು ಅತಿನೇರಳೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದರಿಂದ ಅಂಥ ಲೇಪ ಎಲ್ಲೆಲ್ಲಿ ಉಳಿದಿದೆ ಎಂದು ಗುರುತಿಸಬಹುದು. ಆದರೆ ಗೋಡೆಯ ಮೇಲೆ ಬರುವ ಕೆಲವು ಲವಣಗಳೂ ಪಾಚಿಯೂ ಹೊಳೆಯುತ್ತವೆ. ಅಡ್ಡಕೊಯ್ತ ಇಲ್ಲದೆ ಅವುಗಳ ಮೇಲೆ ತೀರ್ಪು ಕೊಡಬಾರದು. ಅಂಟಿನಲ್ಲಿ ಕಲಸಿದ ಬಣ್ಣ ನೀರಿಗೆ ಕರಗುವುದರಿಂದ ಅಂಥ ಚೂರನ್ನು ಉಜ್ಜುವಾಗ ನೀರು ಸೋಕಿಸಲೂ ಬಾರದು.

ಕೊನೆಯ ಪ್ರಶ್ನೆ ನಿರೀಕ್ಷಿಸಿದ್ದೇ: 'ಹಾಗಾದರೆ ಆ ಪರದೆಯನ್ನು ತೆಗೆದಿರಾ?'

ತೆಗೆಯಲಿಲ್ಲ. ಮೇಲಿನ ಕಪ್ಪು ತೇಪೆಗಳನ್ನಷ್ಟೇ ತೆಗೆದೆವು, ಅವು ಸೌಮ್ಯವಾದ ದ್ರಾವಣಕ್ಕೇ ಬಿಟ್ಟುಕೊಟ್ಟವು. ಪರದೆಯ ಬಣ್ಣ ಮಾತ್ರ ಹಳೆಯ ಎಣ್ಣೆಬಣ್ಣ, ಕಲ್ಲಿನಂತೆ ಗಟ್ಟಿ. ಅದನ್ನು ಕರಗಿಸುವ ದ್ರಾವಣ ಕೆಳಗಿನ ಆಕಾಶವನ್ನೂ ಕರಗಿಸುತ್ತದೆ. ಕೆರೆದು ತೆಗೆಯೋಣವೆಂದರೆ, ಪರದೆಯಡಿಯ ಆಕಾಶ ಎಷ್ಟು ಉಳಿದಿದೆ ಎಂಬುದಕ್ಕೆ ನಮ್ಮ ಕೈಯಲ್ಲಿದ್ದದ್ದು ಒಂದೇ ಚೂರು. ಒಂದು ಚೂರು ಒಂದು ಜಾಗದ ಕಥೆಯನ್ನಷ್ಟೇ ಹೇಳುತ್ತದೆ. ಯಾರೋ ಪರದೆ ಬರೆದದ್ದು ಬಹುಶಃ ಆಕಾಶ ಕೆಟ್ಟಿದ್ದರಿಂದಲೇ ಇರಬೇಕು ಎಂದು ನನಗನಿಸುತ್ತದೆ, ಅದರ ಸುತ್ತ ಹಳೆಯ ಹರಕುಗಳು ಹೆಚ್ಚಿವೆ. ಮನೆಯವರೂ ಪರದೆ ಇರಲಿ ಎಂದರು. ಚೂರುಗಳ ಗಟ್ಟಿಗಳನ್ನು, ಯಾವ ಜಾಗದಿಂದ ತೆಗೆದದ್ದು ಎಂಬ ನಕ್ಷೆ ಮತ್ತು ಅತಿನೇರಳೆಯಲ್ಲಿ ತೆಗೆದ ಫೋಟೋಗಳ ಸಮೇತ ಅವರಿಗೆ ಒಪ್ಪಿಸಿದ್ದೇವೆ. ಮುಂದೆ ಬೇರೊಬ್ಬ ಸಂರಕ್ಷಕರಿಗೆ ಪರದೆ ತೆಗೆಯಬೇಕೆನಿಸಿದರೆ, ಅವರು ಹೊಸ ಚೂರು ಕೀಳುವ ಮೊದಲು ಈ ಎರಡನ್ನು ಮತ್ತೊಮ್ಮೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಬಹುದು.